ಅರ್ಧ ಎಕರೆಯ ಫುಟ್‌ಬಾಲ್

ಮಕ್ಕಳೇ, ಹೋದ ತಿಂಗಳು ಹೊನ್ನಾಳಿಯಲ್ಲಿ ನನ್ನ ಮೊಮ್ಮಗಳು ಆಟ ಮುಗಿಸಿ ಮನೆಗೆ ಬಂದವಳು ಶೂ ಬಿಚ್ಚಿ ಮೂಲೆಗೆ ಎಸೆದಳು. "ಅಜ್ಜ, ನಾನಿನ್ನು ಫುಟ್‌ಬಾಲ್ ಆಡಲ್ಲ. ನನ್ನಿಂದಲೇ ಸೋತ್ವಂತೆ" ಅಂದಳು. ಅವಳು ಐದನೇ ತರಗತಿ. ಅಂದು ಅವಳೇ ಗೋಲ್‌ಕೀಪರ್. ನಾಲ್ಕು ಗೋಲು ಬಿದ್ದಿದ್ದವು, ನಾಲ್ಕೂ ತಲೆಯ ಮೇಲಿಂದ.

ಮರುದಿನ ಅವಳ ಕೈಹಿಡಿದುಕೊಂಡು ಮೈದಾನಕ್ಕೆ ಹೋದೆ. ಗೋಲ್ ಪೋಸ್ಟಿನ ಕೆಳಗೆ ನಿಲ್ಲಿಸಿ, "ಕೈ ಎತ್ತಿ ಎಗರು, ಮೇಲಿನ ಕಂಬಿ ಮುಟ್ಟು ನೋಡೋಣ" ಅಂದೆ. ಮೂರು ಸಲ ಎಗರಿದಳು, ಬೆರಳು ತಾಗಲಿಲ್ಲ. ಅದು ದೊಡ್ಡವರ ಗೋಲು: 24 ಅಡಿ ಅಗಲ, 8 ಅಡಿ ಎತ್ತರ. ನಾಲ್ಕೂವರೆ ಅಡಿಯ ಹುಡುಗಿ ಅದನ್ನು ಕಾಯುವುದು ಹೇಗೆ? "ತಪ್ಪು ನಿನ್ನದಲ್ಲ, ಕಂಬದ್ದು" ಅಂದೆ. ನಂಬಲಿಲ್ಲ. ಅವಳನ್ನು ನಂಬಿಸಲು ನಾನು ಮಾಡಿದ್ದನ್ನೇ ಈ ವಾರ ನಿಮಗೆ ಹೇಳುತ್ತೇನೆ.

ನೀವು ಕಬಡ್ಡಿ ಆಡುತ್ತೀರಲ್ಲ, ಅಂಕಣದಲ್ಲಿ ತಂಡಕ್ಕೆ ಏಳು ಜನ. ದೊಡ್ಡ ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಚಿಕ್ಕ ವಯಸ್ಸಿನವರಿಗೆ ಗೆರೆಯನ್ನು ಒಳಕ್ಕೆ ಎಳೆಯುತ್ತಾರೆ. ಅದನ್ನು ಯಾರೂ ಅವಮಾನ ಅನ್ನುವುದಿಲ್ಲ. ಖೋ-ಖೋದಲ್ಲಿ ಬೆನ್ನಟ್ಟುವ ತಂಡದ ಒಂಬತ್ತು ಜನ ಅಂಗಣದಲ್ಲಿರುತ್ತಾರೆ. ಫುಟ್‌ಬಾಲಿನಲ್ಲೂ ಹಾಗೆಯೇ ಏಳು ಜನರ ಆಟ, ಒಂಬತ್ತು ಜನರ ಆಟ ಅಂತ ಇವೆ. ಗೋಲ್‌ಕೀಪರ್ ಈ ಲೆಕ್ಕದೊಳಗೇ ಸೇರಿದ.

ಅಜ್ಜಂದಿರಿಗೆ ಗುಂಟೆ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ದೊಡ್ಡವರ ಮೈದಾನ ಸುಮಾರು 330 ಅಡಿ ಉದ್ದ, 210 ಅಡಿ ಅಗಲ. ಅಂದರೆ ಒಂದೂವರೆ ಎಕರೆಗೂ ಮೇಲೆ. ಏಳರ ಆಟಕ್ಕೆ 180 ಅಡಿಗೆ 120 ಅಡಿ ಸಾಕು, ಅದು ಹೆಚ್ಚುಕಡಿಮೆ ಅರ್ಧ ಎಕರೆ. ಒಂಬತ್ತರ ಆಟಕ್ಕೆ 240 ಅಡಿಗೆ 150 ಅಡಿ, ಮೂವತ್ಮೂರು ಗುಂಟೆ. ಗೋಲೂ ಜೊತೆಗೇ ಬೆಳೆಯುತ್ತದೆ: ಏಳಕ್ಕೆ 12 ಅಡಿ ಅಗಲ, 6 ಅಡಿ ಎತ್ತರ, ಒಂಬತ್ತಕ್ಕೆ 16 ಅಡಿ ಅಗಲ, 7 ಅಡಿ ಎತ್ತರ. ಇವು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಇಟ್ಟುಕೊಂಡ ಅಳತೆಗಳು.

ಈ ಒಂಬತ್ತರ ಆಟ ಯಾಕೆ ಬೇಕಾಯಿತು ಗೊತ್ತೇ? ಅಲ್ಲಿ ಹಿಂದೆ ಹೆಚ್ಚಿನ ಕಡೆ ಹತ್ತು ವರ್ಷದೊಳಗಿನವರು ಏಳರ ಆಟ ಆಡಿ, ಮುಂದಿನ ವರ್ಷವೇ ಹನ್ನೊಂದರ ಆಟಕ್ಕೆ ಇಳಿಯುತ್ತಿದ್ದರು. ಅರ್ಧ ಎಕರೆಯಲ್ಲಿ ಓಡಿದ ಕಾಲು ಒಮ್ಮೆಗೇ ಅದರ ಮೂರು ಪಟ್ಟು ಜಾಗದಲ್ಲಿ ಓಡಬೇಕು. ಉದ್ದದ ಒದೆತ ಬಲ್ಲವನು, ವಯಸ್ಸಿಗಿಂತ ಬೇಗ ಬೆಳೆದವನು ಗೆಲ್ಲುತ್ತಿದ್ದ. ಚೆಂಡನ್ನು ಚೆನ್ನಾಗಿ ಆಡಿಸಬಲ್ಲ ಪುಟ್ಟವರು ಮೂಲೆಗೆ ಬೀಳುತ್ತಿದ್ದರು. 2012ರಲ್ಲಿ ಆ ಸಂಸ್ಥೆ ಮತಕ್ಕೆ ಹಾಕಿ ಮೆಟ್ಟಿಲು ಕಟ್ಟಿತು: ಎಂಟರವರೆಗೆ ಐದು ಜನ, ಹತ್ತರವರೆಗೆ ಏಳು ಜನ, ಹನ್ನೆರಡರವರೆಗೆ ಒಂಬತ್ತು ಜನ, ಆಮೇಲೆ ಹನ್ನೊಂದು. ನಮ್ಮ ದೇಶದಲ್ಲೂ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ 2018ರಲ್ಲಿ ಗೋಲ್ಡನ್ ಬೇಬಿ ಲೀಗ್ ಎಂಬ ಪುಟ್ಟ ಮಕ್ಕಳ ಪಂದ್ಯಗಳನ್ನು ಶುರುಮಾಡಿತು. ಅಲ್ಲಿಯೂ ಚಿಕ್ಕ ಮೈದಾನ, ಕಡಿಮೆ ಜನ.

ಈಗ ನಮ್ಮ ಪ್ರಯೋಗಕ್ಕೆ ಬರೋಣ. ನನ್ನ ಒಂದು ಹೆಜ್ಜೆ ಎರಡೂವರೆ ಅಡಿ. ಎಪ್ಪತ್ತೆರಡು ಹೆಜ್ಜೆ ಉದ್ದ, ನಲವತ್ತೆಂಟು ಹೆಜ್ಜೆ ಅಗಲ ನಡೆದು ಸುಣ್ಣದ ಪುಡಿ ಹಾಕಿದೆ. ಎರಡೂ ತುದಿಗೆ ಹನ್ನೆರಡು ಅಡಿ ಅಂತರದಲ್ಲಿ ಬಿದಿರು ಗಳ ಆಳವಾಗಿ ಹೂಳಿ, ಆರಡಿ ಎತ್ತರಕ್ಕೆ ಹಗ್ಗ ಕಟ್ಟಿದೆವು. ದೊಡ್ಡವರದ್ದಕ್ಕಿಂತ ಚಿಕ್ಕದಾದ 4ನೇ ನಂಬರಿನ ಚೆಂಡು ತಂದೆವು. ಮೊಮ್ಮಗಳು ಹಗ್ಗದ ಕೆಳಗೆ ನಿಂತು ಎಗರಿದಳು. ಬೆರಳು ತಾಗಿತು! ಮೊದಲ ನಗು ಆಗ ಬಂತು.

ಹುಡುಗ ಹುಡುಗಿಯರು ಹದಿನಾಲ್ಕು ಜನ ಸೇರಿದರು. ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಒಬ್ಬ, ಜೊತೆಗೆ ಕೀಪರ್. ಒಂದು ಲೆಕ್ಕ ಮಾಡಿ ನೋಡಿ. ನಲವತ್ತು ನಿಮಿಷದ ಆಟದಲ್ಲಿ ಇರುವುದು ಒಂದೇ ಚೆಂಡು. ಇಪ್ಪತ್ತೆರಡು ಜನ ಸಮನಾಗಿ ಹಂಚಿಕೊಂಡರೆ ತಲೆಗೆ ಎರಡು ನಿಮಿಷವೂ ಇಲ್ಲ. ಹದಿನಾಲ್ಕು ಜನ ಹಂಚಿಕೊಂಡರೆ ಮೂರರ ಹತ್ತಿರ. ನಿಜವಾಗಿ ವ್ಯತ್ಯಾಸ ಇನ್ನೂ ಹೆಚ್ಚು. ದೊಡ್ಡ ಮೈದಾನದಲ್ಲಿ ಮಕ್ಕಳು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಚೆಂಡಿನ ಸುತ್ತ ಮುತ್ತುತ್ತಾರೆ. ಉಳಿದವರು ದೂರದಲ್ಲಿ ನಿಂತು ಹುಲ್ಲು ಕೀಳುತ್ತಾರೆ.

ಏಳರ ಆಟದಲ್ಲಿ ಮುಖ್ಯವಾಗಿ ಒಂದು ನಿಯಮವಿದೆ. ಗೋಲ್ ಕಿಕ್ ಆದಾಗ ಎದುರಾಳಿಗಳೆಲ್ಲ ನಡುಗೆರೆಯ ಆಚೆಗೆ ಹೋಗಬೇಕು. ಆಗ ಕೀಪರ್ ಚೆಂಡನ್ನು ಕಣ್ಣುಮುಚ್ಚಿ ದೂರ ಒದೆಯಬೇಕಿಲ್ಲ. ಪಕ್ಕದ ಗೆಳತಿಗೆ ಮೆಲ್ಲಗೆ ಕೊಡಬಹುದು. ಚೆಂಡು ಪಡೆದವಳು ತಲೆ ಎತ್ತಿ ನೋಡಿ, ಎಡಕ್ಕೋ ಬಲಕ್ಕೋ ಕೊಡುತ್ತಾಳೆ. ಚೆಂಡು ಬರುವ ಮುಂಚೆಯೇ ಸುತ್ತ ನೋಡುವುದು, ಒಂದೇ ಸ್ಪರ್ಶಕ್ಕೆ ನಿಲ್ಲಿಸುವುದು, ಎದುರಿರುವ ಒಬ್ಬನನ್ನು ದಾಟುವುದು, ಈ ಮೂರೂ ಅರ್ಧ ಎಕರೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ಆಫ್‌ಸೈಡ್ ನಿಯಮ ಇಲ್ಲಿಲ್ಲ. ಹೊರಗೆ ಕೂತವರು ಎಷ್ಟು ಸಲ ಬೇಕಾದರೂ ಒಳಗೆ ಬಂದು ಆಡಬಹುದು.

ಒಂಬತ್ತರ ಆಟಕ್ಕೆ ಹೋದಾಗ ಆಫ್‌ಸೈಡ್ ಬರುತ್ತದೆ. ಹಿಂದಿನವರು ಒಂದು ಸಾಲಾಗಿ ಮುಂದೆ ಹಿಂದೆ ಸರಿಯುವುದನ್ನು, ಅಂಚಿನವರು ಗೆರೆ ಬಿಡದೆ ಮೈದಾನ ಹಿಗ್ಗಿಸುವುದನ್ನು, ಗೆಳೆಯ ಮುಂದೆ ಹೋದರೆ ಅವನ ಜಾಗ ತುಂಬುವುದನ್ನು ಆಗ ಕಲಿಯುತ್ತಾರೆ.

ಆದರೆ ಚಿಕ್ಕದಾದಷ್ಟೂ ಒಳ್ಳೆಯದು ಅಂತ ತಿಳಿಯಬೇಡಿ. ನ್ಯಾಮತಿಯ ಗೆಳೆಯರೊಬ್ಬರು ಏಳು ಏಳು ಮಕ್ಕಳನ್ನು ವಾಲಿಬಾಲ್ ಅಂಕಣದಷ್ಟು ಜಾಗದಲ್ಲಿ ಆಡಿಸಿದರು. ಕಾಲಿಗೆ ಕಾಲು ತಾಗಿ ಬರೀ ಜಗಳ. ಚನ್ನಗಿರಿ ಕಡೆ ಅಡಿಕೆ ತೋಟಗಳ ನಡುವೆ ಸಿಗುವುದು ಕಾಲು ಎಕರೆಯೇ ಆದರೆ, ಐದೈದು ಜನರನ್ನು ಆಡಿಸಿ. ಜಗಳೂರಿನಂಥ ಬಯಲು ಸೀಮೆಯಲ್ಲಿ ಜಾಗ ಧಾರಾಳ. ಅಲ್ಲಿ ಒಂದೇ ದೊಡ್ಡ ಮೈದಾನವನ್ನು ಅಡ್ಡಡ್ಡ ಸೀಳಿ ಎರಡು ಪಂದ್ಯ ನಡೆಸಬಹುದು. ಇನ್ನೊಂದು ಮಿತಿಯೂ ಇದೆ. ಮೈದಾನದ ಆ ಅಂಚಿನಿಂದ ಈ ಅಂಚಿಗೆ ಉದ್ದದ ಪಾಸ್ ಕೊಡುವುದನ್ನು ಅರ್ಧ ಎಕರೆ ಕಲಿಸಲಾರದು. ಅದಕ್ಕೇ ಹದಿಮೂರರ ಹೊತ್ತಿಗೆ ದೊಡ್ಡ ಮೈದಾನಕ್ಕೆ ಹೋಗಲೇಬೇಕು.

ಅಜ್ಜಂದಿರೇ, ಅಜ್ಜಿಯರೇ, ಮೈದಾನ ಮಕ್ಕಳಿಗೆ ತಕ್ಕದ್ದೋ ಅಲ್ಲವೋ ತಿಳಿಯಲು ಗೋಲು ಎಣಿಸಬೇಡಿ. ನಿಮ್ಮ ಮೊಮ್ಮಗುವಿನ ಕಾಲಿಗೆ ಚೆಂಡು ಎಷ್ಟು ಸಲ ತಾಗಿತು ಎಂದು ಹತ್ತು ನಿಮಿಷ ಹುಣಸೆಬೀಜ ಇಟ್ಟು ಎಣಿಸಿ. ಎರಡು ಮೂರು ಬೀಜವಷ್ಟೇ ಕೂಡಿದರೆ ಗೆರೆ ಒಳಕ್ಕೆ ಎಳೆಯಬೇಕು ಎಂದರ್ಥ.

ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಪಿ.ಟಿ. ಮೇಷ್ಟ್ರಾಗಿದ್ದಾಗ ಐದನೇ ತರಗತಿಯ ಮಕ್ಕಳನ್ನೂ ದೊಡ್ಡ ಗೆರೆಯೊಳಗೇ ಓಡಿಸಿದೆ. ಗೆರೆ ಮೊದಲೇ ಹಾಕಿತ್ತು, ಅಷ್ಟೇ ಕಾರಣ. "ನಿನಗೆ ಆಟ ಬರಲ್ಲ" ಅಂತ ಎಷ್ಟು ಮಕ್ಕಳಿಗೆ ಹೇಳಿದೆನೋ.

ಮೊಮ್ಮಗಳಿಗೆ ಆ ದಿನವೂ ಎರಡು ಗೋಲು ಬಿದ್ದವು. ಮೂರು ತಡೆದಳು. ಮನೆಗೆ ಬಂದವಳು ಶೂವನ್ನು ಬಾಗಿಲ ಪಕ್ಕ ಜೋಡಿಸಿಟ್ಟು, "ಅಜ್ಜ, ಹಗ್ಗ ಸ್ವಲ್ಪ ಸಡಿಲ ಇತ್ತು, ನಾಳೆ ಬಿಗಿ ಕಟ್ಟಬೇಕು" ಅಂದಳು.