ಅಪ್ಪನ ಸಂಕೋಚಕ್ಕೆ ಮೂರು ವರ್ಷದ ಗಡುವು

ಅಪ್ಪನ ಪಾಸ್‌ಬುಕ್ಕಿನಲ್ಲಿ 2022ರ ಜೂನ್ 10ರ ಎದುರು 1,80,000 ರೂಪಾಯಿ ಹೋಗಿರುವುದು ಕಾಣುತ್ತದೆ. ಹೋದದ್ದು ಅವರ ಹಳೆಯ ಗೆಳೆಯರೊಬ್ಬರ ಖಾತೆಗೆ. ಅಂಗಡಿಗೆ ಸರಕು ತುಂಬಿಸಬೇಕು ಎಂದು ಕೇಳಿದ್ದರು. ಪತ್ರವಿಲ್ಲ, ಬಡ್ಡಿಯ ಮಾತಿಲ್ಲ, ವಾಪಸ್ ಕೊಡಲು ಇಂಥ ದಿನ ಎಂಬುದೂ ಇಲ್ಲ. ‘ಅನುಕೂಲ ಆದಾಗ ಕೊಡು ಮಾರಾಯ’ ಎಂದಿದ್ದರಂತೆ ಅಪ್ಪ. ಮರುವರ್ಷದ ದೀಪಾವಳಿಗೆ ಗೆಳೆಯರು ಹತ್ತು ಸಾವಿರ ನಗದು ತಂದುಕೊಟ್ಟು, ಕಾಫಿ ಕುಡಿದು ಹೋದರು. ಆಮೇಲೆ ಯಾವಾಗ ಸಿಕ್ಕರೂ ‘ಮುಂದಿನ ತಿಂಗಳು’ ಎಂಬ ಉತ್ತರ. ಒತ್ತಾಯಿಸಿ ಕೇಳಲು ಅಪ್ಪನಿಗೆ ಸಂಕೋಚ.

ಕಳೆದ ನವೆಂಬರಿನಲ್ಲಿ ನನ್ನ ಕಾಲೇಜು ಶುಲ್ಕಕ್ಕೆ ಹಣ ಹೊಂದಿಸಲಾಗದೆ, ಕೊನೆಗೆ ನಾವಿಬ್ಬರೂ ನಮ್ಮ ಬೀದಿಯ ವಕೀಲರೊಬ್ಬರ ಮನೆಗೆ ಹೋದೆವು. ಅವರು ಪಾಸ್‌ಬುಕ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಇದಾದ ಮೇಲೆ ಅವರು ಏನಾದರೂ ಬರೆದು ಸಹಿ ಹಾಕಿಕೊಟ್ಟಿದ್ದಾರಾ?’ ಇಲ್ಲ ಎಂದೆವು. ‘ಹಾಗಾದರೆ ಜೂನ್ 10ಕ್ಕೇ ನಿಮ್ಮ ಟೈಮ್ ಮುಗಿದಿದೆ’ ಎಂದರು.

1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ಕೈಸಾಲದ ವಸೂಲಿಗೆ ದಾವೆ ಹೂಡಲು ಇರುವುದು ಮೂರು ವರ್ಷ. ಅಪ್ಪನಂಥವರು ಎಡವುವುದು ಎಣಿಕೆ ಎಲ್ಲಿಂದ ಶುರುವಾಗುತ್ತದೆ ಎಂಬಲ್ಲಿ. ನಾವು ಕೇಳಿ, ಅವರು ಕೊಡುವುದಿಲ್ಲ ಎಂದ ದಿನದಿಂದ ಮೂರು ವರ್ಷ ಎಂದು ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಮರುಪಾವತಿಗೆ ದಿನ ಗೊತ್ತು ಮಾಡಿದ್ದರೆ ಆ ದಿನ ತಪ್ಪಿದಲ್ಲಿಂದ ಎಣಿಸಬಹುದಿತ್ತು. ದಿನವೇ ಇಲ್ಲದ, ಕೇಳಿದಾಗ ಕೊಡಬೇಕಾದ ಸಾಲಕ್ಕೆ ಹಣ ಕೊಟ್ಟ ದಿನದಿಂದಲೇ ಎಣಿಕೆ. ಅಪ್ಪ ‘ಅನುಕೂಲ ಆದಾಗ’ ಎಂದ ಆ ಗಳಿಗೆಯಲ್ಲೇ ಗಡಿಯಾರ ಓಡಲು ಶುರುವಾಗಿತ್ತು.

‘ಅವರು ಒಳ್ಳೆಯವರು, ಕೋರ್ಟಿನಲ್ಲಿ ಗಡುವಿನ ಮಾತು ಎತ್ತಲಿಕ್ಕಿಲ್ಲ’ ಎಂದರು ಅಪ್ಪ. ಎತ್ತದಿದ್ದರೂ ಪ್ರಯೋಜನವಿಲ್ಲವಂತೆ. ಕಾಯ್ದೆಯ ಮೂರನೇ ಕಲಮಿನ ಪ್ರಕಾರ, ಪ್ರತಿವಾದಿ ಬಾಯಿ ಬಿಡದಿದ್ದರೂ ಅವಧಿ ಮೀರಿದ ದಾವೆಯನ್ನು ನ್ಯಾಯಾಲಯವೇ ವಜಾ ಮಾಡಬೇಕು. ತಡವಾದದ್ದಕ್ಕೆ ಕಾರಣ ಹೇಳಿ ಕ್ಷಮೆ ಕೇಳಬಹುದಲ್ಲ ಎಂದು ನಾನು ಕೇಳಿದೆ. ಐದನೇ ಕಲಮಿನಲ್ಲಿ ಅಂಥ ಅವಕಾಶ ಇದೆ, ಆದರೆ ಅದು ಮೇಲ್ಮನವಿ ಮತ್ತು ಅರ್ಜಿಗಳಿಗೆ. ಮೊದಲ ಬಾರಿ ಹೂಡುವ ದಾವೆಗೆ ಆ ದಯೆ ಇಲ್ಲ. ನ್ಯಾಯಾಲಯಕ್ಕೆ ರಜೆ ಇದ್ದ ದಿನವೇ ಗಡುವು ಬಿದ್ದರೆ ಮತ್ತೆ ತೆರೆದ ದಿನ ಸಲ್ಲಿಸಬಹುದು, ಅಷ್ಟೆ. ನಮ್ಮ ಇಂಟರ್ನಲ್ಸ್‌ಗೂ ಇಷ್ಟು ಬಿಗಿ ಇಲ್ಲ!

ಆ ಹತ್ತು ಸಾವಿರದ ಕತೆ ಇನ್ನೂ ಹೊಟ್ಟೆ ಉರಿಸುತ್ತದೆ. ಅವಧಿ ಮುಗಿಯುವ ಮೊದಲು ಸಾಲಗಾರ ‘ಹೌದು, ಇಷ್ಟು ಬಾಕಿ ಇದೆ’ ಎಂದು ಬರೆದು ಸಹಿ ಹಾಕಿದರೆ ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಕೊಡುತ್ತೇನೆ ಎಂಬ ಮಾತೂ ಅದರಲ್ಲಿ ಬೇಕಿಲ್ಲ. ಬಾಕಿ ಇರುವುದನ್ನು ಒಪ್ಪಿದರೆ ಸಾಕು. ಸ್ವಲ್ಪ ಹಣ ಕಟ್ಟಿದರೂ ಹಾಗೆಯೇ ಹೊಸ ಅವಧಿ ಶುರುವಾಗುತ್ತದೆ, ಆದರೆ ಕಟ್ಟಿದ್ದಕ್ಕೆ ಕಟ್ಟಿದವರ ಕೈಬರಹದ ಅಥವಾ ಸಹಿಯ ಗುರುತು ಇರಬೇಕು. ದೀಪಾವಳಿಯ ಆ ಸಂಜೆ ಒಂದು ಚೀಟಿಯಲ್ಲಿ ‘ಸಾಲದ ಬಾಬ್ತು 10,000 ಕೊಟ್ಟಿದ್ದೇನೆ’ ಎಂದು ಅವರು ಬರೆದು ಸಹಿ ಹಾಕಿದ್ದರೆ ನಮಗೆ 2026ರ ದೀಪಾವಳಿಯ ಹೊತ್ತಿನವರೆಗೆ ಸಮಯ ಇರುತ್ತಿತ್ತು. ನಗದು ಕೈಯಿಂದ ಕೈಗೆ ಬಂತು, ಕಾಫಿ ಲೋಟದ ಗುರುತು ಬಿಟ್ಟು ಬೇರೇನೂ ಉಳಿಯಲಿಲ್ಲ.

‘ಆದದ್ದಾಗಲಿ, ಒಂದು ಕೇಸ್ ಹಾಕಿ ನೋಡೋಣ. ಇಲ್ಲಿ ಆಗದಿದ್ದರೆ ಇನ್ನೊಂದು ಕೋರ್ಟಿನಲ್ಲಿ ಹಾಕೋಣ’ ಎಂದು ಅಪ್ಪ ಪಟ್ಟು ಹಿಡಿದಾಗ ವಕೀಲರು ಎರಡನೇ ಬಾಗಿಲನ್ನೂ ತೋರಿಸಿದರು. ಅದೂ ಮುಚ್ಚಿತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಕಲಮು, ವಕೀಲರು ರೆಸ್ ಜುಡಿಕೇಟಾ ಎನ್ನುವುದು ಇದಕ್ಕೇ. ಅದೇ ಕಕ್ಷಿದಾರರ ನಡುವಿನ ಅದೇ ವಿಷಯವನ್ನು ಅಧಿಕಾರವುಳ್ಳ ನ್ಯಾಯಾಲಯ ಕೇಳಿ ಅಂತಿಮವಾಗಿ ತೀರ್ಮಾನಿಸಿದ ಮೇಲೆ ಅದನ್ನೇ ಇನ್ನೊಂದು ದಾವೆಯಲ್ಲಿ ಎತ್ತುವಂತಿಲ್ಲ. ವಿಚಾರಣೆ ನಡೆದು ‘ಅವಧಿ ಮೀರಿದೆ’ ಎಂದು ತೀರ್ಪಾದರೂ ಅದು ತೀರ್ಪೇ. ತಪ್ಪಾಗಿದೆ ಅನ್ನಿಸಿದರೆ ಮೇಲ್ಮನವಿಗೆ ಹೋಗಬೇಕು, ಪಕ್ಕದ ಕೋರ್ಟಿಗಲ್ಲ. ಮೊದಲ ದಾವೆಯಲ್ಲಿ ಹೇಳಬಹುದಾಗಿದ್ದ, ಹೇಳಲೇಬೇಕಾಗಿದ್ದ ಮಾತನ್ನು ಮರೆತಿದ್ದರೆ, ಅದನ್ನೂ ಹೇಳಿ ಸೋತಂತೆಯೇ ಲೆಕ್ಕ. ಇನ್ನೊಂದು ಸೂಕ್ಷ್ಮವೂ ಇದೆ. ವಿಚಾರಣೆಯ ದಿನ ಪ್ರತಿವಾದಿ ಬಂದು, ವಾದಿ ಹಾಜರಾಗದೆ ದಾವೆ ವಜಾ ಆದರೆ ಅಲ್ಲಿ ವಿಷಯದ ತೀರ್ಮಾನ ಆಗಿರುವುದಿಲ್ಲ, ಹಾಗಾಗಿ ಅದು ರೆಸ್ ಜುಡಿಕೇಟಾ ಅಲ್ಲ. ಆದರೂ ಅದೇ ಕಾರಣಕ್ಕೆ ಹೊಸ ದಾವೆ ಹೂಡುವಂತಿಲ್ಲ. 30 ದಿನದೊಳಗೆ ಹಳೆಯದನ್ನೇ ಮತ್ತೆ ತೆರೆಯಿರಿ ಎಂದು ಅರ್ಜಿ ಹಾಕಬೇಕು.

ಮನೆಗೆ ಬಂದ ಮೇಲೆ ಇದನ್ನೆಲ್ಲ ಯೋಚಿಸಿದೆ. ರೆಸ್ ಜುಡಿಕೇಟಾ ಬಗ್ಗೆ ನನಗೆ ತಕರಾರಿಲ್ಲ. ಅದು ಇಲ್ಲದಿದ್ದರೆ ಹಣವಿದ್ದವರು ಸೋತಾಗಲೆಲ್ಲ ಹೊಸ ದಾವೆ ಹೂಡಿ, ಎದುರಾಳಿ ಸುಸ್ತಾಗಿ ಕೈಚೆಲ್ಲುವವರೆಗೂ ಅಲೆಸಬಹುದಿತ್ತು. ಕಾಲಮಿತಿಯ ಹಿಂದಿನ ತರ್ಕವೂ ಅರ್ಥವಾಗುತ್ತದೆ. ಸಾಲ ತೀರಿಸಿದವರೊಬ್ಬರು ರಸೀದಿಯನ್ನು ಇಪ್ಪತ್ತು ವರ್ಷ ಜೋಪಾನ ಮಾಡಬೇಕು ಎನ್ನಲಾಗದು. ನನ್ನ ತಕರಾರು ಇರುವುದು ಗಡಿಯಾರದ ಸದ್ದು ಕೇಳಿಸದಿರುವುದರ ಬಗ್ಗೆ. ಸ್ನೇಹಿತನಿಗೆ ಹೆಚ್ಚು ಸಮಯ ಕೊಟ್ಟಷ್ಟೂ ಕೊಟ್ಟವನ ಸಮಯವೇ ಕರಗುತ್ತದೆ, ಸಹಿ ಕೇಳಿದರೆ ಸ್ನೇಹಕ್ಕೆ ಅವಮಾನ ಎನ್ನುವ ಊರು ನಮ್ಮದು. ಕೇಳಿದಾಗ ಕೊಡುವ ಸಾಲಕ್ಕೆ ಕೇಳಿದ ದಿನದಿಂದಲೇ ಎಣಿಕೆ ಇರಬೇಕಿತ್ತು ಎಂದೇ ನನ್ನ ಅಭಿಪ್ರಾಯ. ‘ಹಾಗೆ ಮಾಡಿದರೆ ಮೂವತ್ತು ವರ್ಷ ಬಿಟ್ಟು ಕೇಳಿ, ನಿನ್ನೆ ಕೇಳಿದೆ ಅನ್ನುತ್ತಾರೆ’ ಎಂದರು ವಕೀಲರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಆದರೂ ನಮ್ಮ ಸಂವಿಧಾನದ ಪೇಪರಿಗೆ ಕಲಮುಗಳ ಸಂಖ್ಯೆ ಬಾಯಿಪಾಠ ಮಾಡಿಸುವವರು ಈ ಒಂದು ಲೆಕ್ಕವನ್ನೂ ಹೇಳಿಕೊಡಬಹುದಿತ್ತು.

ಜಮೀನಿನ ವಿಷಯದಲ್ಲಿ ಇದು ಇನ್ನೂ ಕಠಿಣ. ಬೇರೆಯವರು ನಮ್ಮ ಜಾಗವನ್ನು ತಮ್ಮದೆಂದೇ ಬಹಿರಂಗವಾಗಿ 12 ವರ್ಷ ಅನುಭವಿಸುತ್ತಿದ್ದರೂ ನಾವು ದಾವೆ ಹೂಡದಿದ್ದರೆ, 27ನೇ ಕಲಮಿನಂತೆ ಆಸ್ತಿಯ ಹಕ್ಕೇ ಅಳಿದುಹೋಗುತ್ತದೆ. ಸಾಲದಲ್ಲಿ ಹಾಗಲ್ಲ. ಸತ್ತದ್ದು ವಸೂಲಿಯ ದಾರಿ ಮಾತ್ರ, ಸಾಲ ಸತ್ತಿಲ್ಲ. ಗೆಳೆಯರು ನಾಳೆ ತಾವಾಗಿಯೇ ತಂದುಕೊಟ್ಟರೆ ಅಪ್ಪ ಧಾರಾಳವಾಗಿ ಇಟ್ಟುಕೊಳ್ಳಬಹುದು, ಅವಧಿ ಮೀರಿತ್ತು ಎಂದು ಅವರು ವಾಪಸ್ ಕೇಳುವಂತಿಲ್ಲ.

ಒಂದು ಕಿಟಕಿಯೂ ತೆರೆದಿದೆ ಎಂದರು ವಕೀಲರು. ಕರಾರು ಕಾಯ್ದೆಯ 25ನೇ ಕಲಮಿನಂತೆ, ಅವಧಿ ಮೀರಿದ ಸಾಲವನ್ನು ಕೊಡುತ್ತೇನೆ ಎಂದು ಸಾಲಗಾರ ಬರೆದು ಸಹಿ ಹಾಕಿದರೆ ಅದು ಹೊಸ ಕರಾರು. ಈಗ ಬಾಕಿ ಇದೆ ಎಂದು ಒಪ್ಪಿದರೆ ಮಾತ್ರ ಸಾಲದು, ಕೊಡುತ್ತೇನೆ ಎಂಬ ಮಾತು ಸ್ಪಷ್ಟವಾಗಿ ಇರಬೇಕು. ನಾನು ಅಂದೇ ರಾತ್ರಿ ನಾಲ್ಕು ಸಾಲಿನ ಒಕ್ಕಣೆ ಬರೆದು, ಪ್ರಿಂಟ್ ತೆಗೆದು ಅಪ್ಪನ ಕೈಗೆ ಕೊಟ್ಟೆ. ಅದು ಇನ್ನೂ ಪಾಸ್‌ಬುಕ್ಕಿನೊಳಗೇ ಇದೆ. ಹೋದ ವಾರ ಅದೇ ಗೆಳೆಯರ ಮನೆಯಿಂದ ಮಗಳ ಮದುವೆಯ ಕರೆಯೋಲೆ ಬಂತು. ‘ಈಗ ಹೇಗೆ ಕೇಳೋದು, ಮದುವೆ ಮುಗೀಲಿ’ ಎಂದರು ಅಪ್ಪ.