ಕೊನೆಯ ಸಾಲಿಗೂ ಹೆಸರು ಮುಟ್ಟಲಿ

ಸಂತೆ ಮೈದಾನದಲ್ಲಿ ಸಭೆ. ಕರೆಂಟ್ ಹೋಗಿದೆ, ಮೈಕ್ ಇಲ್ಲ. ಒಂದು ಪಕ್ಕ ಬಸ್ಸುಗಳ ಹಾರ್ನ್, ಇನ್ನೊಂದು ಪಕ್ಕ ಕಬ್ಬಿನ ಹಾಲಿನ ಮಿಷನ್. ಇಂಥಲ್ಲಿ ಭಾಷಣಕಾರರನ್ನು ಪರಿಚಯಿಸಲು ನಿಂತವರು ಸಭಾಂಗಣಕ್ಕೆಂದು ಬರೆದುಕೊಂಡದ್ದನ್ನೇ ಕಿರುಚಿ ಓದಿಬಿಡುತ್ತಾರೆ. ಹಿಂದಿನವರಿಗೆ ಏನೂ ತಿಳಿಯದೆ ತಮ್ಮತಮ್ಮಲ್ಲೇ ಮಾತಿಗೆ ತೊಡಗುತ್ತಾರೆ. ಆಮೇಲೆ ಎದ್ದು ನಿಲ್ಲುವ ಭಾಷಣಕಾರರಿಗೆ ಸಿಗುವುದು ಆಗಲೇ ಚದುರಿದ ಸಭೆ. ಬಯಲಿನಲ್ಲಿ ಪರಿಚಯವೆಂದರೆ ಗುಣಗಾನವಲ್ಲ, ಕಿವಿಗಳನ್ನೆಲ್ಲ ಒಂದು ಕಡೆಗೆ ತಿರುಗಿಸಿಕೊಡುವ ಕೆಲಸ.

ಅದು ಬಾಯಿ ತೆರೆಯುವ ಮೊದಲೇ ಶುರುವಾಗುತ್ತದೆ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದಂತೆಲ್ಲ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 80 ಡೆಸಿಬೆಲ್ ಇರುವ ಗಟ್ಟಿ ದನಿ 16 ಮೀಟರ್ ತಲುಪುವಾಗ 56ಕ್ಕೆ ಬಂದಿರುತ್ತದೆ. ಬಸ್ಸು ಓಡಾಡುವ ರಸ್ತೆಯ ಸದ್ದೇ ಅದಕ್ಕಿಂತ ಜಾಸ್ತಿ. ಗಂಟಲನ್ನು ಎಷ್ಟು ಹಿಂಡಿದರೂ ಈ ಲೆಕ್ಕ ದಾಟಲಾಗದು, ಜನರನ್ನು ಹತ್ತಿರ ಕರೆದರೆ ದಾಟಬಹುದು. ಆದ್ದರಿಂದ ಮೊದಲ ಮಾತು, ಕೈ ಎತ್ತಿ ಕರೆಯುತ್ತ, "ಎಲ್ಲರೂ ಮುಂದೆ ಬನ್ನಿ" ಎಂದಿರಲಿ. ನಿಲ್ಲುವ ಜಾಗಕ್ಕೆ ಹಿಂದೆ ಒಂದು ಗೋಡೆಯಿದ್ದರೆ ಅದು ದನಿಯನ್ನು ಮುಂದಕ್ಕೆ ತಳ್ಳುತ್ತದೆ. ಗಾಳಿ ನಮ್ಮ ಬೆನ್ನಿನಿಂದ ಜನರ ಕಡೆಗೆ ಬೀಸುತ್ತಿರಬೇಕು. ಎದುರುಗಾಳಿಯಲ್ಲಿ ಮಾತು ಮೇಲಕ್ಕೆ ಬಾಗಿ ತಲೆಗಳ ಮೇಲಿಂದ ಹೋಗಿಬಿಡುತ್ತದೆ. ಒಂದು ಜಗಲಿ ಅಥವಾ ಕಲ್ಲುಬೆಂಚು ಸಿಕ್ಕರೆ ಹತ್ತಿ ನಿಲ್ಲಿ, ಮುಂದಿನವರ ಮೈ ದನಿಯನ್ನು ನುಂಗುವುದಿಲ್ಲ.

ಇನ್ನು ಮಾತು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಉಸಿರು ಮುಗಿಯುವುದೂ ಅಲ್ಲೇ. "ಒಪ್ಪಿದ್ದಾರೆ" ಎಂದೆವೋ "ಒಪ್ಪಿಲ್ಲ" ಎಂದೆವೋ ಹಿಂದಿನ ಸಾಲಿಗೆ ತಿಳಿಯುವುದೇ ಇಲ್ಲ. "ಮೂವತ್ತು ವರ್ಷಗಳ ಕಾಲ ಶಿಕ್ಷಕರಾಗಿ ಸೇವೆ ಸಲ್ಲಿಸಿ, ನಮ್ಮೂರಿನ ಕೆರೆಯ ಹೂಳೆತ್ತುವ ಕಾರ್ಯದಲ್ಲಿ ಮುಂಚೂಣಿಯಲ್ಲಿದ್ದು..." ಎಂಬ ವಾಕ್ಯ ಬಯಲಿನಲ್ಲಿ ಅರ್ಧದಾರಿಗೇ ಬಿದ್ದುಹೋಗುತ್ತದೆ. ಅದನ್ನೇ ಮುರಿದು ಹೇಳಬೇಕು: "ಮೂವತ್ತು ವರ್ಷ ಮೇಷ್ಟ್ರು." ಉಸಿರು. "ನಮ್ಮ ಕೆರೆ ಉಳಿಸಿದವರು." ಉಸಿರು. "ಇವತ್ತಿನ ಮಾತು, ನೀರು." ಉಸಿರು. ಆಮೇಲೆ ಹೆಸರು, ಎರಡು ಸಲ. ಹೆಸರು ಕೊನೆಗೇ ಬರಲಿ. ಮೊದಲೇ ಹೇಳಿದರೆ ಜನ ಇನ್ನೂ ಅಲುಗಾಡುತ್ತಿರುವಾಗ ಅದು ಕಳೆದುಹೋಗುತ್ತದೆ. ಕೊನೆಗೆ ಹೇಳಿದರೆ ಚಪ್ಪಾಳೆ ತಾನಾಗಿ ಏಳುತ್ತದೆ, ಭಾಷಣಕಾರರು ಆ ಚಪ್ಪಾಳೆಯಲ್ಲೇ ಮೇಲೆ ಬರಬಹುದು. ನಡುವೆ ಬಸ್ಸು ಹಾರ್ನ್ ಹೊಡೆದರೆ ಪೈಪೋಟಿ ಬೇಡ. ಅದು ದಾಟುವವರೆಗೆ ಕಾದು, ಅದೇ ತುಣುಕನ್ನು ಮತ್ತೆ ಹೇಳಬೇಕು.

ದನಿ ಹೊಟ್ಟೆಯ ಉಸಿರಿನಿಂದ ಬರಬೇಕು. ಬಾಯಿ ದೊಡ್ಡದಾಗಿ ತೆರೆಯಲಿ, ಸ್ವರಗಳು ಉದ್ದವಾಗಲಿ. ಆದರೆ ದೂರಕ್ಕೆ ಹೋಗುತ್ತ ಮೊದಲು ಸಾಯುವುದು ಸ, ತ, ಪ ಮುಂತಾದ ಸಣ್ಣ ಸದ್ದುಗಳು; ಅವನ್ನು ಒತ್ತಿ ಹೇಳದಿದ್ದರೆ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಎರಡು ತುಣುಕು ಹೇಳುವಷ್ಟರಲ್ಲಿ ಗಂಟಲು ಕೆರೆದು ಕೆಮ್ಮು ಬಂದರೆ ನಾವು ಗಂಟಲಿನಿಂದ ಕಿರುಚುತ್ತಿದ್ದೇವೆ ಎಂದೇ ಅರ್ಥ.

ಒಂಟಿ ದನಿಗೂ ಒಂದು ಮಿತಿಯಿದೆ. 2011ರಲ್ಲಿ ನ್ಯೂಯಾರ್ಕಿನ ಜುಕೊಟಿ ಪಾರ್ಕಿನಲ್ಲಿ ವಾಲ್ ಸ್ಟ್ರೀಟ್ ವಿರುದ್ಧ ಧರಣಿ ಕುಳಿತವರಿಗೆ ಅನುಮತಿಯಿಲ್ಲದೆ ಧ್ವನಿವರ್ಧಕ ಬಳಸುವಂತಿರಲಿಲ್ಲ. ಮಾತಾಡುವವರು ನಾಲ್ಕೈದು ಪದ ಹೇಳಿ ನಿಲ್ಲುತ್ತಿದ್ದರು, ಹತ್ತಿರದವರು ಅದನ್ನೇ ಒಟ್ಟಾಗಿ ಕೂಗುತ್ತಿದ್ದರು. ಗುಂಪು ದೊಡ್ಡದಾದರೆ ಅವರ ಹಿಂದಿನವರು ಮತ್ತೊಮ್ಮೆ. ಸಮಯ ದುಪ್ಪಟ್ಟು ಹಿಡಿಯುತ್ತದೆ, ಉದ್ದನೆಯ ವಾದ ಇದರಲ್ಲಿ ನಿಲ್ಲದು. ಆದರೆ ನಾಲ್ಕು ತುಣುಕಿನ ಪರಿಚಯಕ್ಕೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಹೆಸರನ್ನು ತಮ್ಮ ಬಾಯಿಂದಲೇ ಕೂಗಿದ ಜನ ಅದನ್ನು ಮರೆಯುವುದಿಲ್ಲ.

ಮಾತು ಮುಟ್ಟಿತೋ ಇಲ್ಲವೋ ಎಂದು ತಿಳಿಯುವುದು ವೇದಿಕೆಯಿಂದಲ್ಲ. 1739ರಲ್ಲಿ ಫಿಲಡೆಲ್ಫಿಯಾದಲ್ಲಿ ಜಾರ್ಜ್ ವೈಟ್‌ಫೀಲ್ಡ್ ಎಂಬ ಧರ್ಮಪ್ರಚಾರಕ ಬೀದಿಯಲ್ಲಿ ಬೋಧಿಸುತ್ತಿದ್ದಾಗ ಬೆಂಜಮಿನ್ ಫ್ರಾಂಕ್ಲಿನ್ ಹಿಂದೆ ಹಿಂದೆ ನಡೆಯುತ್ತ ಹೋಗಿ, ಬೀದಿಯ ಗದ್ದಲದಲ್ಲಿ ಮಾತು ಮುಳುಗುವ ಜಾಗ ಯಾವುದೆಂದು ಗುರುತಿಸಿ, ಆ ದನಿ ಎಷ್ಟು ಸಾವಿರ ಜನಕ್ಕೆ ಕೇಳೀತೆಂದು ಲೆಕ್ಕ ಹಾಕಿದ್ದರು. ಪರಿಚಯಿಸುವವರೂ ಇದನ್ನೇ ಮಾಡಬೇಕು. ಹೆಸರು ಹೇಳಿ ಇಳಿದ ಮೇಲೆ ಮುಂದಿನ ಕುರ್ಚಿಯಲ್ಲಿ ಕೂರದೆ ಕೊನೆಯ ಸಾಲಿಗೆ ನಡೆದು ನಿಲ್ಲಬೇಕು, ಭಾಷಣಕಾರರ ಮಾತು ಕೇಳದಿದ್ದರೆ ಅಲ್ಲಿಂದಲೇ ಕೈ ಎತ್ತಿ ತೋರಿಸಬೇಕು.