ರೊಕ್ಕ ಕೊಟ್ಟದ್ದು ವಿಡಿಯೋಕ್ಕಲ್ಲ, ತಿಂಗಳಿಗೆ

"ಏ ತಮ್ಮಾ, ರೊಕ್ಕ ಕೊಟ್ಟೇನಲ್ಲೋ, ವಿಡಿಯೋ ಯಾಕ ತೆರಿವಲ್ದು?" ಅಂಕಲಿಯ ಕಬ್ಬಿನ ರೈತ ಕಾಕಾ ಒಬ್ಬರು ಫೋನ್ ಹಿಡಿದು ನಮ್ಮನ್ನು ಕೇಳಿದರು. ಗೊಣ್ಣೆ ಹುಳುವಿನ ವಿಡಿಯೋ ಅದು. ಜೂನ್ 5ರಂದು ಯೂಟ್ಯೂಬಿನಲ್ಲಿ Join ಒತ್ತಿ 59 ರೂಪಾಯಿ ಕೊಟ್ಟು ನೋಡಿದ್ದರು. 20ಕ್ಕೆ ಸದಸ್ಯತ್ವ ರದ್ದು ಮಾಡಿದರು. ಆದರೂ ಜುಲೈ 5ರವರೆಗೆ, ಅಂದರೆ ಕೊಟ್ಟ ತಿಂಗಳು ಮುಗಿಯುವವರೆಗೆ, ವಿಡಿಯೋ ತೆರೆಯಿತು. ಆಮೇಲೆ ಮುಚ್ಚಿತು. ಹುಳು ಬೇರು ಕಡಿಯುವುದು ಜೋರಾಗುವುದೇ ಆಮೇಲೆ.

ಕಾಕಾರ ತಪ್ಪೇನಿಲ್ಲ. ಸಂತೆಯಲ್ಲಿ ರೊಕ್ಕ ಕೊಟ್ಟರೆ ವಸ್ತು ನಮ್ಮದಾಗುತ್ತದೆ. ಇಲ್ಲಿ ಕೊಡುವುದು ಬಾಡಿಗೆ. ಇದನ್ನು ಚಾನೆಲ್‌ನವರು ಹೇಳುವುದಿಲ್ಲ, "ಬರ್ರಿ, ಕುಟುಂಬ ಸೇರ್ರಿ" ಅನ್ನುತ್ತಾರೆ. ನಮ್ಮ ತಕರಾರು ಇರುವುದೇ ಇಲ್ಲಿ.

ಸದಸ್ಯರ ವಿಡಿಯೋದ ಹೆಸರು, ಚಿತ್ರ ಎಲ್ಲರಿಗೂ ಕಾಣಬಹುದು. ಒಳಗೆ ಹೋಗುವುದು ಮಾತ್ರ ರೊಕ್ಕ ಕಟ್ಟಿದವರು. ಅದರಲ್ಲೂ ಮೆಟ್ಟಿಲುಗಳಿವೆ: ವಿಡಿಯೋ ಮೇಲಿನ ಮೆಟ್ಟಿಲಿಗೆ ಇಟ್ಟಿದ್ದರೆ ಕೆಳಗಿನವರಿಗೆ ಸಿಗದು. ವಾಟ್ಸಾಪ್ ಗುಂಪಿಗೆ ಲಿಂಕ್ ಕಳಿಸಿದರೂ ಉಳಿದವರಿಗೆ ಸೇರಿರಿ ಎಂಬ ಕರೆಯೇ ಕಾಣುತ್ತದೆ. ಯೂಟ್ಯೂಬ್ ಪ್ರೀಮಿಯಂ ಇದ್ದರೂ ಈ ಬಾಗಿಲು ತೆರೆಯುವುದಿಲ್ಲ. ಸದಸ್ಯತ್ವ ಇರುವುದು ಫೋನಿಗಲ್ಲ, ಗೂಗಲ್ ಖಾತೆಗೆ. ಮಗನ ಖಾತೆಯಿಂದ ಸೇರಿದ್ದರೆ ಅಪ್ಪನ ಖಾತೆಯಲ್ಲಿ ಕಾಣದು.

ಹಾಗೆಯೇ ಆ್ಯಪ್ ತೆಗೆದುಹಾಕಿದರೆ ಕಂತು ನಿಲ್ಲುವುದಿಲ್ಲ. ಎಷ್ಟೋ ಮನೆಗಳಲ್ಲಿ ಹೀಗೇ ತಿಳಿದಿದ್ದಾರೆ. ತಿಂಗಳಿಗೆ 59 ಅಂದರೆ ವರ್ಷಕ್ಕೆ 708 ರೂಪಾಯಿ. ಯುಪಿಐ ಆಟೋಪೇ ಇದ್ದರೆ ರೊಕ್ಕ ಹೋಗುವ ಮೊದಲು ಸೂಚನೆ ಬರುತ್ತದೆ. ಜಾಹೀರಾತಿನ ಮೆಸೇಜಿನ ನಡುವೆ ಅದನ್ನು ಓದುವವರು ಯಾರು? ನಿಲ್ಲಿಸಬೇಕಾದರೆ, ಸೇರಿದ ಖಾತೆಯಿಂದಲೇ youtube.com/paid_memberships ತೆರೆದು ರದ್ದು ಮಾಡಬೇಕು. ಇನ್ನು ಖಾತೆಯಲ್ಲಿ ರೊಕ್ಕವಿಲ್ಲದೆ ಕಂತು ತಪ್ಪಿ ಸದಸ್ಯತ್ವ ನಿಂತರೂ ಬಾಗಿಲು ಮುಚ್ಚುತ್ತದೆ. ಮತ್ತೆ ಸೇರಿದರೆ, ವಿಡಿಯೋ ಅಲ್ಲೇ ಇದ್ದರೆ, ತೆರೆಯುತ್ತದೆ.

ವಿಡಿಯೋ ಮಾಡುವವರಿಗೆ ಹೊಟ್ಟೆ ಇಲ್ಲವೆಂದು ನಾವು ಹೇಳುತ್ತಿಲ್ಲ. ಹಾಡು, ನಾಟಕ, ತೆರೆಮರೆಯ ಹರಟೆ ಸದಸ್ಯರಿಗೆ ಇಡಲಿ. ಆದರೆ ನಮ್ಮ ಹೊಲದಲ್ಲೇ ನಿಂತು, ನಮ್ಮ ಕಬ್ಬನ್ನೇ ಕಿತ್ತು ಬೇರು ತೋರಿಸಿ, ಎಲ್ಲರೂ ನೋಡಿ ಹೆಸರು ಮಾಡಿಕೊಟ್ಟ ಮೇಲೆ ಅದೇ ವಿಡಿಯೋವನ್ನು ಸದಸ್ಯರಿಗೆ ಮಾತ್ರ ಅಂತ ಬದಲಿಸುವುದು ನ್ಯಾಯವಲ್ಲ. ರೋಗ, ಹುಳು, ಹೊಳೆ ನೀರಿನ ಸುದ್ದಿ ಎಲ್ಲರಿಗೂ ತೆರೆದಿರಬೇಕು. ಮೊದಲು ಸದಸ್ಯರಿಗೆ ತೋರಿಸಿ, ಕೆಲ ದಿನದ ಮೇಲೆ ಎಲ್ಲರಿಗೂ ಬಿಡುವ ಅನುಕೂಲ ಯೂಟ್ಯೂಬಿನಲ್ಲೇ ಇದೆ. ಅದನ್ನು ಬಳಸಲು ಏನು ಅಡ್ಡಿ? "ತಿಂಗಳು ಮುಗಿದರೆ ಈ ವಿಡಿಯೋ ಕಾಣುವುದಿಲ್ಲ" ಅಂತ Join ಒತ್ತಿಸುವ ಮೊದಲೇ ಬಾಯಿಬಿಟ್ಟು ಹೇಳಲು ಏನು ಖರ್ಚು?

ಕಾಕಾ ಮತ್ತೆ 59 ರೂಪಾಯಿ ಕಟ್ಟಿದರು. ಈ ಸಲ ವಹಿ ತೆಗೆದುಕೊಂಡು ಕೂತು, ಔಷಧದ ಹೆಸರು, ಅಳತೆ, ಹಾಕುವ ದಿನ ಎಲ್ಲ ಬರೆದುಕೊಂಡರು.